240 ರೂಪಾಯಿ ಲಾಭದಲ್ಲಿ ಕೈಗೆ ಬರೋದೆಷ್ಟು?

ನಮ್ಮ ಹಾಸ್ಟೆಲಿನಲ್ಲಿ ಈಗ ಯಾರನ್ನು ಕೇಳಿದರೂ ಅವರ ಲ್ಯಾಪ್‌ಟಾಪಿನಲ್ಲಿ ಒಂದು ಸ್ವಿಂಗ್ ಸ್ಟ್ರಾಟಜಿ ಇದೆ. ಷೇರನ್ನು ಇವತ್ತೇ ಕೊಂಡು ಇವತ್ತೇ ಮಾರೋದಲ್ಲ, ಕೆಲವು ದಿನ ಅಥವಾ ಕೆಲವು ವಾರ ಇಟ್ಟುಕೊಂಡು ಮಾರೋದು. ನಿಯಮ ಸರಳವಾಗಿರುತ್ತೆ. ಬೆಲೆ ಕಳೆದ 20 ದಿನಗಳ ಗರಿಷ್ಠ ದಾಟಿದರೆ ಕೊಳ್ಳು, ಇಷ್ಟು ಇಳಿದರೆ ಮಾರು. ಹಳೇ ಬೆಲೆಗಳನ್ನು ಡೌನ್‌ಲೋಡ್ ಮಾಡಿ, ಪೈಥಾನಿನಲ್ಲಿ ನೂರು ಸಾಲು ಬರೆದರೆ ಒಂದು ಚೆಂದದ ಗ್ರಾಫ್ ಬರುತ್ತೆ, ಅದು ಎಡದಿಂದ ಬಲಕ್ಕೆ ಏರುತ್ತಾ ಹೋಗುತ್ತೆ. ನನ್ನ ಹತ್ತಿರವೂ ಅಂಥದ್ದೊಂದಿದೆ. ನನ್ನ ರೂಮ್‌ಮೇಟ್ ಅದಕ್ಕೆ ಡಾರ್ಕ್ ಥೀಮ್ ಕೂಡ ಹಾಕಿಕೊಟ್ಟಿದ್ದಾನೆ.

ಆ ಗ್ರಾಫ್ ವಾಟ್ಸಾಪಿನಲ್ಲಿ ಮನೆಯವರೆಗೂ ಹೋಯಿತು. ನಮ್ಮದು ಆಲೂರು ಮತ್ತು ಸಕಲೇಶಪುರದ ನಡುವಿನ ಗುಡ್ಡದ ಕಡೆ. ಚಿಕ್ಕಪ್ಪನಿಗೆ ಒಂದಷ್ಟು ರೊಬಸ್ಟಾ ತೋಟ, ಜೊತೆಗೆ ಒಂದು ಹೋಮ್‌ಸ್ಟೇ ಇದೆ. ಕಾಫಿ ಮಾರಿದ ದುಡ್ಡು ವರ್ಷಕ್ಕೊಮ್ಮೆ, ಬೇಸಿಗೆ ಹತ್ತಿರ ಬರುತ್ತೆ. ಮಳೆಗಾಲಕ್ಕೆ ಮುಂಚೆ ಗೊಬ್ಬರಕ್ಕೆ ಒಂದು ಪಾಲು ಹೋಗುತ್ತೆ, ಉಳಿದದ್ದು ಕೊಯ್ಲಿನ ಕೂಲಿ ಕೊಡುವವರೆಗೆ ಬ್ಯಾಂಕಿನಲ್ಲಿ ಸುಮ್ಮನೆ ಕೂತಿರುತ್ತೆ. ಚಿಕ್ಕಪ್ಪ ಫೋನ್ ಮಾಡಿ ಕೇಳಿದರು: "ವರ್ಷಕ್ಕೆ 14 ಪರ್ಸೆಂಟ್ ಅಂತ ಹಾಕಿದೀಯಲ್ಲೋ, ಇದು ಬೋರ್ಡ್ ರೇಟಾ, ಇಲ್ಲ ಕೈಗೆ ಬರೋ ದುಡ್ಡಾ? ಸರಿಯಾಗಿ ಹೇಳು, ಒಂದು ಲಕ್ಷ ಹಾಕೋಣ ಅಂತಿದೀನಿ."

ಬೋರ್ಡ್ ರೇಟು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ: ಬಾಳ್ಳುಪೇಟೆಯಲ್ಲೋ ಸಕಲೇಶಪುರದಲ್ಲೋ ರೊಬಸ್ಟಾ ಚೆರಿಯ ಬೆಲೆ ನಿಲ್ಲೋದು ಔಟ್‌ಟರ್ನ್ ಮೇಲೆ. 50 ಕೆಜಿ ಒಣಗಿದ ಚೆರಿ ಚೀಲದಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆಜಿ ಬೀಜ ಸಿಗುತ್ತೆ ಅನ್ನೋದೇ ಔಟ್‌ಟರ್ನ್, ಬಾಯಿಮಾತಿನಲ್ಲಿ ಓಟಿ. ನೀವು 28 ಓಟಿ ಲೆಕ್ಕ ಹಾಕಿಕೊಂಡು ಹೋಗಿ, ಸ್ಯಾಂಪಲ್‌ನಲ್ಲಿ 26 ಬಂದರೆ ಅಲ್ಲೇ ಚೀಲಕ್ಕೆ ಸುಮಾರು 7 ಪರ್ಸೆಂಟ್ ಹೋಯಿತು. ತೇವ ಜಾಸ್ತಿ ಇದ್ದರೆ ಅದಕ್ಕೆ ಬೇರೆ ಕಡಿತ. ಹಾಗಾಗಿ ಚಿಕ್ಕಪ್ಪ ಕೇಳಿದ್ದು ತುಂಬಾ ಸರಿಯಾದ ಪ್ರಶ್ನೆ. ನನ್ನ ಗ್ರಾಫಿನ 14 ಪರ್ಸೆಂಟ್ ಬೋರ್ಡ್ ರೇಟೇ ಆಗಿತ್ತು, ಖರ್ಚಿನ ಭಾಗ ನಾನಿನ್ನೂ ಬರೆದಿರಲಿಲ್ಲ. ಆ ಭಾಗ ಬರೆದದ್ದು ಹೇಗೆ ಅನ್ನೋದೇ ಈ ಲೇಖನ.

ಲೆಕ್ಕಕ್ಕೆ ಹಿಡಿದ ಉದಾಹರಣೆ ಹೀಗಿದೆ. ಒಂದು ಲಕ್ಷ ಬಂಡವಾಳ, 20,000ದ ಐದು ಪಾಲು. ಒಂದು ಪಾಲು ಸರಾಸರಿ 20 ಟ್ರೇಡಿಂಗ್ ದಿನ ಒಂದು ಷೇರಿನಲ್ಲಿ ಇರುತ್ತೆ, ಹಾಗಾಗಿ ವರ್ಷಕ್ಕೆ ಸುಮಾರು 60 ಟ್ರೇಡ್. ಗೆದ್ದದ್ದು ಸೋತದ್ದು ಎಲ್ಲ ಸೇರಿ ಸರಾಸರಿ ಟ್ರೇಡಿಗೆ 1.2 ಪರ್ಸೆಂಟ್, ಅಂದರೆ 240 ರೂಪಾಯಿ. 60 ಸಲ 240 ಅಂದರೆ 14,400. ಅದೇ ಆ 14 ಪರ್ಸೆಂಟ್.

ಮೊದಲು ಕಾಗದದ ಮೇಲೆ ಬರೆದಿರುವ ಖರ್ಚು. ಇದು ಸುಲಭ, ಯಾಕೆಂದರೆ ಪ್ರತಿ ಟ್ರೇಡಿಗೂ ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟ್‌ನಲ್ಲಿ ಹೆಚ್ಚಿನದು ಸಾಲುಸಾಲಾಗಿ ಇರುತ್ತೆ. ಎಲ್ಲರೂ ಮಾತಾಡೋದು ಬ್ರೋಕರೇಜ್ ಬಗ್ಗೆ, ಆದರೆ ಬೆಂಗಳೂರಿನ ಜೆರೋಧಾ 2015ರ ಕೊನೆಗೆ ಡೆಲಿವರಿ ಟ್ರೇಡಿಗೆ ಬ್ರೋಕರೇಜ್ ತೆಗೆದುಹಾಕಿದ ಮೇಲೆ ಈ ಅಂಕಿ ಅನೇಕರಿಗೆ ಸೊನ್ನೆ. ಬೇರೆ ಕೆಲವು ಕಡೆ ಒಂದು ಆರ್ಡರಿಗೆ 20 ರೂಪಾಯಿ ಇರುತ್ತೆ. ದೊಡ್ಡ ಖರ್ಚು ಬೇರೆಯೇ: ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ಮೇಲಿನ ತೆರಿಗೆ. ಡೆಲಿವರಿಯಲ್ಲಿ ಕೊಳ್ಳುವಾಗ 0.1 ಪರ್ಸೆಂಟ್, ಮಾರುವಾಗ ಮತ್ತೆ 0.1 ಪರ್ಸೆಂಟ್. ಲಾಭವೋ ನಷ್ಟವೋ ಅದು ಕೇಳೋದಿಲ್ಲ. ಕೊಳ್ಳುವಾಗ ಮಾತ್ರ 0.015 ಪರ್ಸೆಂಟ್ ಸ್ಟಾಂಪ್ ಡ್ಯೂಟಿ. ಎಕ್ಸ್‌ಚೇಂಜಿನ ಶುಲ್ಕ ಒಂದು ಲಕ್ಷದ ವಹಿವಾಟಿಗೆ ಹೆಚ್ಚುಕಡಿಮೆ 3 ರೂಪಾಯಿ. ಸೆಬಿಯದ್ದು ಕೋಟಿಗೆ 10 ರೂಪಾಯಿ, ನಮ್ಮ ಮಟ್ಟಕ್ಕೆ ಅದು ಇಲ್ಲದ ಹಾಗೆ. ಬ್ರೋಕರೇಜ್ ಮತ್ತು ಈ ಎರಡು ಶುಲ್ಕಗಳ ಮೇಲೆ 18 ಪರ್ಸೆಂಟ್ ಜಿಎಸ್‌ಟಿ.

ಇನ್ನೊಂದಿದೆ, ಅದು ಕಾಂಟ್ರಾಕ್ಟ್ ನೋಟ್‌ನಲ್ಲಿ ಕಾಣಿಸೋದೇ ಇಲ್ಲ, ಲೆಡ್ಜರ್ ತೆಗೆದು ನೋಡಬೇಕು: ಡಿಪಿ ಚಾರ್ಜ್. ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋದಾಗ, ಒಂದು ಕಂಪನಿಗೆ ಒಂದು ದಿನಕ್ಕೆ ಇಷ್ಟು ಅಂತ ಕಡಿಯುತ್ತಾರೆ. ಬ್ರೋಕರ್‌ನಿಂದ ಬ್ರೋಕರ್‌ಗೆ ಬೇರೆ, ನಾನು ಜಿಎಸ್‌ಟಿ ಸೇರಿ 15.34 ಹಾಕಿದ್ದೇನೆ. ಇದು ಪರ್ಸೆಂಟ್ ಅಲ್ಲ, ಒಂದೇ ಷೇರು ಮಾರಿದರೂ ಸಾವಿರ ಷೇರು ಮಾರಿದರೂ ಅಷ್ಟೇ. ಅರ್ಧ ಇವತ್ತು ಅರ್ಧ ನಾಳೆ ಮಾರಿದರೆ ಎರಡು ಸಲ. ನಮ್ಮಲ್ಲಿ 5,000 ರೂಪಾಯಿಯ ಪಾಲು ಮಾಡಿಕೊಂಡು ಆಡುವವರು ಇದನ್ನು ಗಮನಿಸಬೇಕು: ಅವರಿಗೆ ಈ ಒಂದೇ ಸಾಲು 0.3 ಪರ್ಸೆಂಟ್ ತಿನ್ನುತ್ತೆ, ಎಸ್‌ಟಿಟಿ ಎರಡೂ ಕಡೆ ಸೇರಿದರೂ ಅಷ್ಟಾಗಲ್ಲ.

```python
def kharchu(buy, sell, brk=0.0, dp=15.34):
    stt   = round(0.001*buy) + round(0.001*sell)
    exch  = 0.0000297*(buy + sell)
    sebi  = 0.000001*(buy + sell)
    stamp = 0.00015*buy
    gst   = 0.18*(2*brk + exch + sebi)
    return stt + exch + sebi + stamp + gst + 2*brk + dp
```

`kharchu(20000, 20240)` ಕರೆದರೆ 59.80 ಬರುತ್ತೆ. ಅದರಲ್ಲಿ 40 ರೂಪಾಯಿ ಎಸ್‌ಟಿಟಿ, 15 ಡಿಪಿ, ಉಳಿದೆಲ್ಲ ಸೇರಿ ಐದು ರೂಪಾಯಿಯೂ ಇಲ್ಲ. `brk=20` ಕೊಟ್ಟರೆ 107 ಆಗುತ್ತೆ. ದರಗಳು ಕಾಲಕಾಲಕ್ಕೆ ಬದಲಾಗುತ್ತವೆ, ಎಕ್ಸ್‌ಚೇಂಜ್ ಶುಲ್ಕ 2024ರ ಅಕ್ಟೋಬರ್ 1ಕ್ಕೆ ಬದಲಾಯಿತು. ಹಾಗಾಗಿ ನಿಮ್ಮದೇ ಒಂದು ಟ್ರೇಡಿನ ಕೊಂಡ ದಿನದ ಮತ್ತು ಮಾರಿದ ದಿನದ ಕಾಂಟ್ರಾಕ್ಟ್ ನೋಟ್ ಮುಂದಿಟ್ಟುಕೊಂಡು, `dp=0` ಕೊಟ್ಟಾಗ ಈ ಫಂಕ್ಷನ್ನಿನ ಉತ್ತರ ಅವೆರಡರ ಮೊತ್ತಕ್ಕೆ ಪೈಸೆಗಳ ಅಂತರದಲ್ಲಿ ಹೊಂದುತ್ತಾ ನೋಡಿ. ಹೊಂದಲಿಲ್ಲ ಅಂದರೆ ಯಾವುದೋ ಒಂದು ದರ ಹಳೆಯದು.

240ರಲ್ಲಿ 60 ಹೋಯಿತು, 180 ಉಳಿಯಿತು. ಈಗ ಕಷ್ಟದ ಭಾಗ, ಸ್ಲಿಪೇಜ್. ನೀವು ಅಂದುಕೊಂಡ ಬೆಲೆಗೂ ನಿಜವಾಗಿ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ. ಇದಕ್ಕೆ ಯಾರೂ ಬಿಲ್ ಕೊಡೋದಿಲ್ಲ, ಅದಕ್ಕೇ ಜನ ಇದನ್ನು ಲೆಕ್ಕಕ್ಕೇ ತಗೊಳ್ಳಲ್ಲ.

ಹೆಚ್ಚಿನ ಕೋಡುಗಳಲ್ಲಿ ಬೆಲೆ ದಿನದ ಮುಕ್ತಾಯಕ್ಕೆ 20 ದಿನದ ಗರಿಷ್ಠ ದಾಟಿದೆಯಾ ಅಂತ ನೋಡಿ, ಅದೇ ಮುಕ್ತಾಯದ ಬೆಲೆಗೆ ಕೊಂಡ ಹಾಗೆ ಬರೆದಿರುತ್ತೆ. ಆದರೆ ಮುಕ್ತಾಯದ ಬೆಲೆ ಗೊತ್ತಾಗೋದು ಮಾರುಕಟ್ಟೆ ಮಧ್ಯಾಹ್ನ 3.30ಕ್ಕೆ ಮುಚ್ಚಿದ ಮೇಲೆ. ಆಗ ಕೊಳ್ಳೋಕೆ ಯಾರಿರುತ್ತಾರೆ? ಕೊಳ್ಳೋದು ಮರುದಿನ ಬೆಳಗ್ಗೆ. ಅದೇ ಸಿಗ್ನಲ್ ನೋಡಿದ ಇನ್ನೆಷ್ಟೋ ಜನರೂ ಮರುದಿನ ಬೆಳಗ್ಗೆಯೇ ಬಂದಿರುತ್ತಾರೆ, ಹಾಗಾಗಿ ಬ್ರೇಕ್‌ಔಟ್ ಆದ ಷೇರು ಸ್ವಲ್ಪ ಮೇಲೆಯೇ ತೆರೆಯೋದು ಸಾಮಾನ್ಯ. ಆದ್ದರಿಂದ ಮೊದಲ ಕೆಲಸ ಯಾವ ಪರ್ಸೆಂಟೂ ಅಲ್ಲ, ಕೊಳ್ಳುವ ಬೆಲೆಯನ್ನು ಮರುದಿನದ ಓಪನ್‌ಗೆ ಸರಿಸೋದು. ನಾನು ಹೇಳಿದ 1.2 ಪರ್ಸೆಂಟ್ ಹಾಗೆ ಸರಿಸಿದ ಮೇಲಿನದ್ದು. ನಿಮ್ಮ ಸ್ಟ್ರಾಟಜಿಯ ಲಾಭ ಈ ಒಂದು ಸಾಲು ಬದಲಾಯಿಸಿದ ಕೂಡಲೇ ಮಾಯವಾದರೆ, ಮುಂದಿನ ಲೆಕ್ಕ ಮಾಡೋ ಅಗತ್ಯವೇ ಇಲ್ಲ.

ಸ್ಟಾಪ್‌ಲಾಸ್ ಕಡೆಯೂ ಇದೇ ಕಥೆ. ಕೋಡಿನಲ್ಲಿ ಸ್ಟಾಪ್ 380 ಅಂದರೆ 380ಕ್ಕೇ ಮಾರಿದ ಹಾಗೆ ಇರುತ್ತೆ. ರಾತ್ರಿ ಏನೋ ಕೆಟ್ಟ ಸುದ್ದಿ ಬಂದು ಷೇರು ಬೆಳಗ್ಗೆ 365ಕ್ಕೆ ತೆರೆದರೆ ನಿಮಗೆ ಸಿಗೋದು 365. ಓಪನ್ ಮತ್ತು ಸ್ಟಾಪ್ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ತಗೊಳ್ಳಬೇಕು. ಇನ್ನೂ ಕೆಟ್ಟದ್ದು ಲೋವರ್ ಸರ್ಕಿಟ್. ಬೆಲೆ ಆ ದಿನದ ಕೆಳಮಿತಿಗೆ ಬಂದು ನಿಂತು, ಮಾರೋರೇ ತುಂಬಿ ಕೊಳ್ಳೋರು ಒಬ್ಬರೂ ಇಲ್ಲದ ದಿನ. ಡೇಟಾದಲ್ಲಿ ಅದನ್ನು ಗುರುತಿಸೋ ಸುಲಭ ದಾರಿ, ಅವತ್ತಿನ ಹೈ ಮತ್ತು ಲೋ ಒಂದೇ ಇದ್ದು ವಾಲ್ಯೂಮ್ ಬಿದ್ದಿರೋದು. ಅಂಥ ದಿನ ಕೋಡು ಮಾರಕೂಡದು, ಮುಂದಿನ ದಿನಕ್ಕೆ ಕಾಯಬೇಕು.

ಇಷ್ಟಾದ ಮೇಲೆ ಉಳಿಯೋದು ಕೊಳ್ಳೋರು ಹೇಳುವ ಬೆಲೆ ಮತ್ತು ಮಾರೋರು ಹೇಳುವ ಬೆಲೆಯ ನಡುವಿನ ಅಂತರ, ಸ್ಪ್ರೆಡ್. ಒಂದು ಮಧ್ಯಮ ಗಾತ್ರದ ಷೇರಿನಲ್ಲಿ ಬಿಡ್ 412.30, ಆಸ್ಕ್ 413.50 ಅಂತಿಟ್ಟುಕೊಳ್ಳಿ. ನಡುವಿನ ಬೆಲೆ 412.90. ನೀವು ಮಾರ್ಕೆಟ್ ಆರ್ಡರ್ ಹಾಕಿದರೆ 413.50 ಕೊಡುತ್ತೀರಿ, ನಡುವಿನ ಬೆಲೆಗಿಂತ 60 ಪೈಸೆ ಜಾಸ್ತಿ, ಅಂದರೆ 0.15 ಪರ್ಸೆಂಟ್. ಮಾರುವಾಗ ಮತ್ತೆ ಅಷ್ಟೇ. ಕೆನರಾ ಬ್ಯಾಂಕ್, ಇನ್ಫೋಸಿಸ್ ತರಹದ ಷೇರುಗಳಲ್ಲಿ ಈ ಅಂತರ ತೀರಾ ಕಮ್ಮಿ, 20,000 ರೂಪಾಯಿಯ ಆರ್ಡರ್ ಅಲ್ಲಿ ಅಲುಗಾಟವನ್ನೇ ಮಾಡೋದಿಲ್ಲ. ಸಣ್ಣ ಷೇರಿನಲ್ಲಿ 0.3 ಕೂಡ ದಾಟುತ್ತೆ, ಅದರಲ್ಲೂ ಬೆಳಗ್ಗೆ 9.15ರ ಮೊದಲ ನಿಮಿಷಗಳಲ್ಲಿ. ಹಾಗಾಗಿ ಎಲ್ಲ ಷೇರಿಗೂ ಒಂದೇ ಸ್ಲಿಪೇಜ್ ಹಾಕೋದು ನನಗೆ ಸರಿ ಕಾಣಲಿಲ್ಲ. ಷೇರುಗಳನ್ನು ದಿನದ ವಹಿವಾಟಿನ ಪ್ರಕಾರ ಮೂರು ಗುಂಪು ಮಾಡಿ 0.05, 0.15, 0.3 ಅಂತ ಹಾಕಿದೆ. ಈ ಅಂಕಿಗಳನ್ನು ತರೋದು ಪುಸ್ತಕದಿಂದಲ್ಲ, ನಿಮ್ಮ ಬ್ರೋಕರ್ ಆಪ್‌ನಲ್ಲಿ ಐದು ಬಿಡ್ ಐದು ಆಸ್ಕ್ ತೋರಿಸುವ ಡೆಪ್ತ್ ಕಿಟಕಿಯನ್ನು ನೀವು ಆರ್ಡರ್ ಹಾಕುವ ಹೊತ್ತಿಗೇ ಹಲವು ದಿನ ಬರೆದಿಟ್ಟುಕೊಳ್ಳೋದರಿಂದ.

"ಲಿಮಿಟ್ ಆರ್ಡರ್ ಹಾಕಿದರೆ ಸ್ಪ್ರೆಡ್ ಉಳಿಯುತ್ತಲ್ಲ" ಅಂತ ರೂಮ್‌ಮೇಟ್ ವಾದ. ಉಳಿಯುತ್ತೆ, ಆರ್ಡರ್ ಸಿಕ್ಕಿದರೆ. ಆದರೆ ನೇರ ಮೇಲೆ ಹೋಗುವ ಷೇರು ನಿಮ್ಮ ಲಿಮಿಟ್‌ಗೆ ಬರೋದೇ ಇಲ್ಲ, ಕೆಳಗೆ ಬೀಳೋದು ಮಾತ್ರ ತಪ್ಪದೆ ಬಂದು ನಿಮ್ಮ ಕೈಗೆ ಸಿಗುತ್ತೆ. ಚೆನ್ನಾಗಿರೋದು ತಪ್ಪಿ, ಕೆಟ್ಟದ್ದು ಸಿಗುವ ಈ ಪಕ್ಷಪಾತ ಸ್ಪ್ರೆಡ್‌ಗಿಂತ ದುಬಾರಿಯಾಗಬಹುದು. ಲಿಮಿಟ್ ಪರೀಕ್ಷಿಸಬೇಕಾದರೆ, ದಿನದ ಲೋ ನಿಮ್ಮ ಬೆಲೆಯನ್ನು ಮುಟ್ಟಿದರೆ ಸಾಲದು, ಅದಕ್ಕಿಂತ ಕೆಳಗೆ ಇಳಿದಿದ್ದರೆ ಮಾತ್ರ ಸಿಕ್ಕಿತು ಅಂತ ಬರೆಯಿರಿ.

ನಮ್ಮ ಗುಡ್ಡಕ್ಕೆ ಮಾತ್ರ ಸೇರಿದ ಒಂದು ಸ್ಲಿಪೇಜ್ ಕೂಡ ಇದೆ. ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕ್ ಹೋಗುತ್ತೆ, ಚಿಕ್ಕಪ್ಪನ ಮನೆಯಲ್ಲಿ ಸಿಗ್ನಲ್ ಸಿಗೋದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ. 9.15ಕ್ಕೆ ಹಾಕಬೇಕಾದ ಆರ್ಡರ್ 9.50ಕ್ಕೆ ಹೋದರೆ ಬ್ಯಾಕ್‌ಟೆಸ್ಟಿನ ಓಪನ್ ಬೆಲೆಗೆ ಅರ್ಥವೇ ಇಲ್ಲ. ಅದಕ್ಕೆ ಒಂದು ದಾರಿ ಹಿಂದಿನ ರಾತ್ರಿಯೇ ಆಫ್ಟರ್ ಮಾರ್ಕೆಟ್ ಆರ್ಡರ್ ಹಾಕಿಡೋದು. ಅದು ಸಾಮಾನ್ಯವಾಗಿ ಬೆಳಗ್ಗೆ 9ಕ್ಕೆ ಶುರುವಾಗುವ ಪ್ರೀ-ಓಪನ್ ಅವಧಿಗೆ ಹೋಗಿ ಸೇರುತ್ತೆ. ಅಲ್ಲಿ ಎಲ್ಲ ಆರ್ಡರುಗಳನ್ನು ಒಟ್ಟಿಗೆ ಹೊಂದಿಸಿ ಒಂದೇ ಬೆಲೆ ಕಟ್ಟುತ್ತಾರೆ, ಅದೇ ಅವತ್ತಿನ ಓಪನ್. ಸಿಕ್ಕ ಬೆಲೆ ಕೋಡಿನ ಬೆಲೆಗೆ ಹತ್ತಿರ ಬರುತ್ತೆ. ಆದರೆ ಷೇರು ಎಷ್ಟು ಮೇಲೆ ತೆರೆದರೂ ಅಷ್ಟಕ್ಕೇ ಕೊಂಡಿರುತ್ತೀರಿ, ನೋಡಿ ಬಿಡೋಕೆ ಆಗಲ್ಲ.

ಮಧ್ಯದ ಗುಂಪಿನ 0.15 ಹಿಡಿದರೆ ಎರಡು ಕಡೆ ಸೇರಿ 60 ರೂಪಾಯಿ. 180ರಲ್ಲಿ ಈಗ 120 ಉಳಿಯಿತು. ಅರ್ಧ ಹೋಗಿದೆ, ಆದಾಯ ತೆರಿಗೆ ಇನ್ನೂ ಬಂದಿಲ್ಲ.

12 ತಿಂಗಳೊಳಗೆ ಮಾರಿದ ಲಿಸ್ಟೆಡ್ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ 20 ಪರ್ಸೆಂಟ್ ತೆರಿಗೆ, 4 ಪರ್ಸೆಂಟ್ ಸೆಸ್ ಸೇರಿ 20.8. ಅದಕ್ಕೆ ಮುಂಚೆ 15 ಇತ್ತು. ಇದನ್ನು ಕೋಡಿಗೆ ಸೇರಿಸುವಾಗ ಪ್ರತಿ ಗೆದ್ದ ಟ್ರೇಡಿನಿಂದ 20.8 ಕಡಿಯಬೇಡಿ. ಸೋತ ಟ್ರೇಡುಗಳ ನಷ್ಟವನ್ನು ಅದೇ ವರ್ಷದ ಲಾಭದಿಂದ ಕಳೆಯಬಹುದು, ಮಾರ್ಚ್ 31ಕ್ಕೆ ಒಟ್ಟು ಮಾಡಿ ಆಮೇಲೆ ತೆರಿಗೆ ಹಾಕಬೇಕು. ವರ್ಷವೇ ನಷ್ಟವಾದರೆ, ರಿಟರ್ನ್ ಸಮಯಕ್ಕೆ ಸಲ್ಲಿಸಿದ್ದರೆ, ಆ ನಷ್ಟವನ್ನು 8 ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ಕೋಡಿನಲ್ಲಿ ಅದೊಂದು ವೇರಿಯಬಲ್, ಅಷ್ಟೇ.

ಇಲ್ಲೊಂದು ಮುಳ್ಳಿದೆ. ಬಂಡವಾಳ ಲಾಭದ ಲೆಕ್ಕದಲ್ಲಿ ಬ್ರೋಕರೇಜ್‌ನಂಥ ಖರ್ಚು ಕಳೆಯಬಹುದು, ಎಸ್‌ಟಿಟಿಯನ್ನು ಕಳೆಯುವಂತಿಲ್ಲ. ನಮ್ಮ ಟ್ರೇಡಿನಲ್ಲಿ ನಿಜವಾಗಿ ಉಳಿದದ್ದು 120 ಆದರೂ ತೆರಿಗೆ ಬೀಳೋದು 160ರ ಮೇಲೆ. 160ಕ್ಕೆ 20.8 ಪರ್ಸೆಂಟ್ ಅಂದರೆ 33. ಉಳಿದದ್ದು 87. ಒಂದು ಲಕ್ಷದ ಬಂಡವಾಳದಲ್ಲಿ ವರ್ಷಕ್ಕೆ 60 ಸಲ ಕೊಂಡು ಮಾರಿದರೆ ವಹಿವಾಟು 24 ಲಕ್ಷ ಆಗುತ್ತೆ, ಎಸ್‌ಟಿಟಿ 2,400. ಕೊಟ್ಟ ಆ ತೆರಿಗೆಯ ಮೇಲೂ ಮತ್ತೆ 500 ರೂಪಾಯಿ ತೆರಿಗೆ. ಟ್ರೇಡುಗಳು ತೀರಾ ಜಾಸ್ತಿಯಾದರೆ ಇಲಾಖೆ ಇದನ್ನು ವ್ಯಾಪಾರದ ಆದಾಯ ಅಂತ ನೋಡಬಹುದು, ಆಗ ಎಸ್‌ಟಿಟಿ ಕಳೆಯಬಹುದು, ಆದರೆ ದರ ನಿಮ್ಮ ಸ್ಲ್ಯಾಬಿನದ್ದು. ಅದು ಬೇರೆ ಲೆಕ್ಕ, ಲೆಕ್ಕಪರಿಶೋಧಕರ ಹತ್ತಿರ ಹೋಗಬೇಕಾದದ್ದು.

ಯಾರ ಹೆಸರಿನಲ್ಲಿ ಆಡುತ್ತೀರಿ ಅನ್ನೋದರ ಮೇಲೂ ಉತ್ತರ ಬದಲಾಗುತ್ತೆ. ನನಗೆ ಬೇರೆ ಆದಾಯವಿಲ್ಲ, 18 ದಾಟಿದೆ. ಮೂಲ ವಿನಾಯಿತಿ ಮಿತಿಯೊಳಗೆ ಈ ಲಾಭ ಕೂತುಬಿಡುತ್ತೆ, ತೆರಿಗೆ ಸೊನ್ನೆ. ನನ್ನ ಲೆಕ್ಕ 120ಕ್ಕೇ ನಿಲ್ಲುತ್ತೆ. ಚಿಕ್ಕಪ್ಪನಿಗೆ ಹೋಮ್‌ಸ್ಟೇ ಆದಾಯವೇ ಆ ಮಿತಿ ದಾಟುತ್ತೆ. "12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ ಅಂತ ಪೇಪರ್‌ನಲ್ಲಿ ಬಂದಿತ್ತಲ್ಲೋ" ಅಂದರು. ಆ ರಿಯಾಯಿತಿ ಸ್ಲ್ಯಾಬಿನ ಆದಾಯಕ್ಕೆ, ಷೇರಿನ ಈ ವಿಶೇಷ ದರದ ಲಾಭಕ್ಕೆ ಅದು ಸಿಗಲ್ಲ. "ಹಂಗಾದ್ರೆ ನಿನ್ನ ಹೆಸರಲ್ಲೇ ಹಾಕ್ತೀನಿ ಬಿಡು" ಅಂದರು ಮುಂದಿನ ಉಸಿರಿಗೆ. ಕೊಟ್ಟದ್ದು ಕೊಟ್ಟ ಹಾಗೆ ನನಗೇ ಆದರೆ ತೊಂದರೆಯಿಲ್ಲ, ಹೆಸರು ನನ್ನದು ದುಡ್ಡು ಅವರದು ಅಂದರೆ ಅದಕ್ಕೆ ಬೇನಾಮಿ ಅಂತಾರೆ ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ವರ್ಷಕ್ಕೆ ಹಾಕಿದರೆ 87 ಗುಣಿಸು 60, ಅಂದರೆ 5,220. 14.4 ಇದ್ದದ್ದು 5.2 ಪರ್ಸೆಂಟ್. ಸಣ್ಣ ಷೇರುಗಳ 0.3 ಸ್ಲಿಪೇಜ್ ಹಾಕಿದರೆ ಟ್ರೇಡಿಗೆ ಉಳಿಯೋದು 39 ರೂಪಾಯಿ, ವರ್ಷಕ್ಕೆ 2.3 ಪರ್ಸೆಂಟ್. ದೊಡ್ಡ ಷೇರುಗಳಿಗೆ 0.05 ಹಾಕಿದರೆ ಉತ್ತಮವಾಗಿ ಕಾಣುತ್ತೆ, ಆದರೆ ನನ್ನ ಸ್ಟ್ರಾಟಜಿಯ ಲಾಭದ ಹೆಚ್ಚಿನ ಪಾಲು ಬರ್ತಿರೋದೇ ಸಣ್ಣ ಷೇರುಗಳಿಂದ. ಇದು ನನ್ನ ಒಬ್ಬನ ಕಥೆ ಅಲ್ಲ ಅನ್ನಿಸುತ್ತೆ, ಸ್ಪ್ರೆಡ್ ಜಾಸ್ತಿ ಇರೋ ಕಡೆಯೇ ಬ್ಯಾಕ್‌ಟೆಸ್ಟ್ ಚೆಂದ ಕಾಣೋದು.

ಇನ್ನೊಂದು ವಿಷಯ, ಎಂ3 ಪಾಠ ನೆನಪಿರುವವರಿಗೆ. ಒಂದೊಂದು ಟ್ರೇಡಿನ ಫಲ 6 ಪರ್ಸೆಂಟ್ ಆಚೀಚೆ ಹರಡಿದ್ದರೆ, 60 ಟ್ರೇಡುಗಳ ಸರಾಸರಿಯ ಅನಿಶ್ಚಿತತೆ 6 ಭಾಗಿಸು ರೂಟ್ 60, ಅಂದರೆ 0.77. ಲಾಭ 1.2, ಅದರ ಆಚೀಚೆ 0.77. ಅದೇ ಬ್ರೋಕರ್ ಖರ್ಚು ಮತ್ತು ಸ್ಲಿಪೇಜ್ ಸೇರಿದ 0.6 ಮಾತ್ರ ಸೋತ ಟ್ರೇಡಿನಲ್ಲೂ ಹೋಗೇ ಹೋಗುತ್ತೆ. ಆದ್ದರಿಂದ ನಿಯಮ ತಿದ್ದಿ ತಿದ್ದಿ 1.2ನ್ನು 1.4 ಮಾಡೋದಕ್ಕಿಂತ, ಟ್ರೇಡುಗಳ ಸಂಖ್ಯೆ ಇಳಿಸಿ ಪ್ರತಿ ಟ್ರೇಡನ್ನು ಉದ್ದ ಮಾಡಿದರೆ ಏನಾಗುತ್ತೆ ಅಂತ ನಾನು ಈಗ ನೋಡ್ತಿದ್ದೇನೆ.

ಇಷ್ಟನ್ನೂ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ಎಸ್‌ಟಿಟಿ, ಸ್ಪ್ರೆಡ್ ಎಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದ್ದು ಒಂದೇ: "50 ಕೆಜಿಗೆ ಎಷ್ಟು ಓಟಿ ಬಂತು ಹೇಳು." 240ಕ್ಕೆ 87, 50ಕ್ಕೆ ಹಾಕಿದರೆ 18. "18ಕ್ಕೆ ಯಾರೋ ಕೊಡ್ತಾರೆ" ಅಂತ ನಕ್ಕು, ದುಡ್ಡನ್ನು ನವೆಂಬರ್‌ವರೆಗೆ ಠೇವಣಿ ಇಟ್ಟರು. ನನಗೆ ಬೇರೆ ಕೆಲಸ ಹಚ್ಚಿದ್ದಾರೆ. ಪ್ರತಿ ಸಿಗ್ನಲ್‌ಗೂ ಕೋಡು ಹೇಳಿದ ಬೆಲೆ, 9.15ಕ್ಕೆ ಕಂಡ ಬಿಡ್, ಆಸ್ಕ್, ನಿಜವಾಗಿ ಕೊಂಡಿದ್ದರೆ ಸಿಗುತ್ತಿದ್ದ ಬೆಲೆ, ಇಷ್ಟು ಕಾಲಂ ಹಾಕಿ ಕೊಯ್ಲಿನವರೆಗೆ ಬರೆದು ಕಳಿಸಬೇಕಂತೆ. ಶೀಟ್ ಮಾಡಿದ್ದೇನೆ, ಇವತ್ತಿಗೆ ಹನ್ನೊಂದು ಸಾಲು ಆಗಿದೆ.